ಪಾವತಿ ದೃಢೀಕರಣದ ಇಮೇಲ್‌ನಲ್ಲಿ ಮೊತ್ತ: ಯಾವ ಅಂಕಿ, ಹೇಗೆ ಅಕ್ಷರದಲ್ಲಿ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಅಡಿಕೆ ಖರೀದಿ ಕೇಂದ್ರದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕೃಷಿಕರ ಖಾತೆಗೆ ಹಣ ಹಾಕಿದ ಮೇಲೆ ಕನ್ನಡದಲ್ಲೇ ಇಮೇಲ್ ಕಳುಹಿಸುತ್ತೇವೆ. ಮೊತ್ತವೂ ಕನ್ನಡ ಅಂಕಿಯಲ್ಲೇ ಇರಬೇಕೆಂದು ನಮ್ಮ ಯಜಮಾನರ ಆಸೆ. ಆದರೆ ಬ್ಯಾಂಕಿನವರೂ ಆಡಿಟರೂ ಮಲಯಾಳಂ ಓದುವವರು. 1, 2, 3 ಬಳಸಿದರೆ ಕನ್ನಡಕ್ಕೆ ಕಡಿಮೆ ಮಾಡಿದಂತಾಗುತ್ತದೆಯೇ? ಅಕ್ಷರದಲ್ಲೂ ಬರೆಯಲೇಬೇಕೇ? ಎರಡೂ ತಾಳೆಯಾಗದಿದ್ದರೆ ಯಾವುದು ಲೆಕ್ಕಕ್ಕೆ ಬರುತ್ತದೆ?

ಉತ್ತರ: ನಮಸ್ಕಾರ. ಮೊತ್ತವನ್ನು ಅರಬ್ಬಿ ಅಂಕಿಗಳಲ್ಲಿ, ಅಂದರೆ 0ಯಿಂದ 9ರವರೆಗಿನ ರೂಪದಲ್ಲಿ, ಲಕ್ಷ–ಕೋಟಿಯ ಲೆಕ್ಕಕ್ಕೆ ಸರಿಯಾಗಿ ಅಲ್ಪವಿರಾಮ ಹಾಕಿ, ಪೈಸೆಯ ಎರಡು ಸ್ಥಾನಗಳನ್ನೂ ತುಂಬಿ ಬರೆಯಿರಿ. ಅದರ ಕೆಳಗಿನ ಸಾಲಿನಲ್ಲೇ ಅದೇ ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಪೂರ್ತಿಯಾಗಿ ಬರೆಯಿರಿ. ಕನ್ನಡ ಅಂಕಿಯನ್ನು ಬಿಡಲೇಬೇಕೆಂದಿಲ್ಲ; ಅದಕ್ಕೆ ಸಲ್ಲುವ ಜಾಗ ಪತ್ರದಲ್ಲಿ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಕನ್ನಡಕ್ಕೆ ಕಡಿಮೆಯಾಗುವ ಪ್ರಶ್ನೆ ನನಗೆ ಅಂಕಿಯಲ್ಲಿ ಕಾಣುವುದಿಲ್ಲ, ಅಕ್ಷರದ ಸಾಲಿನಲ್ಲಿ ಕಾಣುತ್ತದೆ. ಇಮೇಲ್ ಪೂರ್ತಿ ಕನ್ನಡದಲ್ಲಿದ್ದು ಅಕ್ಷರದ ಮೊತ್ತ ಮಾತ್ರ ಇಂಗ್ಲಿಷಿನಲ್ಲಿರುವ ಪತ್ರಗಳನ್ನು ನಾನು ಬಹಳ ನೋಡಿದ್ದೇನೆ. ಕೃಷಿಕನಿಗೆ ಓದಿ ಖಚಿತಪಡಿಸಿಕೊಳ್ಳಲು ಬೇಕಾದ ಒಂದೇ ಸಾಲು ಅಲ್ಲಿ ಅವನ ಭಾಷೆಯಲ್ಲಿ ಇರುವುದಿಲ್ಲ.

ಒಂದು ಲೆಕ್ಕವನ್ನೇ ಹಿಡಿದುಕೊಂಡು ಮಾತಾಡೋಣ. ಉದಾಹರಣೆಗಾಗಿ, ಒಬ್ಬ ಕೃಷಿಕರು 286.5 ಕಿಲೋ ಚಾಲಿ ಅಡಿಕೆ ತಂದರು, ಕಿಲೋಗೆ 427 ರೂಪಾಯಿ ದರ ಸಿಕ್ಕಿತು ಎನ್ನೋಣ. ಒಟ್ಟು ಬೆಲೆ 1,22,335.50 ರೂಪಾಯಿ. ಅವರು ಮೊದಲೇ ಪಡೆದ ಮುಂಗಡ 20,000, ಸಾಗಾಟ ಮತ್ತು ಕೂಲಿಯ ಬಾಬ್ತು 1,450. ಇವೆರಡನ್ನೂ ಕಳೆದರೆ ಅವರ ಖಾತೆಗೆ ಹೋಗಬೇಕಾದುದು 1,00,885.50 ರೂಪಾಯಿ. ಈ ಮೊತ್ತವನ್ನು ಬೇಕೆಂದೇ ಆರಿಸಿದ್ದೇನೆ, ಏಕೆಂದರೆ ಇದರ ನಡುವೆ ಎರಡು ಸೊನ್ನೆಗಳಿವೆ, ಕೊನೆಯಲ್ಲಿ ಪೈಸೆ ಇದೆ, ಸಾವಿರದ ಸ್ಥಾನ ಖಾಲಿ ಇದೆ. ದೃಢೀಕರಣ ಪತ್ರಗಳಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಂಥ ಜಾಗಗಳಲ್ಲೇ ಆಗುತ್ತವೆ.

ಇದನ್ನು ಕನ್ನಡ ಅಂಕಿಯಲ್ಲಿ ಬರೆದರೆ ₹೧,೦೦,೮೮೫.೫೦ ಎಂದಾಗುತ್ತದೆ. ಕನ್ನಡ ಅಂಕಿ ಬಲ್ಲವರಿಗೆ ದೊಡ್ಡ ಅಕ್ಷರದ ಮುದ್ರಣದಲ್ಲಿ ಇದರಲ್ಲಿ ಗೊಂದಲವೇನೂ ಇಲ್ಲ. ಆದರೆ ಈ ಪತ್ರ ಹೋಗುವುದು ಮೊಬೈಲಿಗೆ. ಚಿಕ್ಕ ಪರದೆಯಲ್ಲಿ, ಬೆಳಕು ಕಡಿಮೆ ಇಟ್ಟ ಫೋನಿನಲ್ಲಿ, ೧ ಮತ್ತು ೦ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ತೆರಪಷ್ಟೇ ಆಗಿ ಉಳಿಯುತ್ತದೆ. ೬ ಮತ್ತು ೯ ಇವುಗಳನ್ನು ಬೇರ್ಪಡಿಸುವುದು ಬಾಲ ತಿರುಗಿದ ದಿಕ್ಕು. ಕನ್ನಡ ಮನೆಮಾತಿನವರಲ್ಲೂ ಅನೇಕರು ದಿನದ ಲೆಕ್ಕವನ್ನು, ಫೋನ್ ನಂಬರನ್ನು, ಹಾಲಿನ ಚೀಟಿಯನ್ನು 1, 2, 3 ರೂಪದಲ್ಲೇ ಬರೆದು ರೂಢಿಯಾದವರು. ಕನ್ನಡ ಅಂಕಿಯನ್ನು ಅವರು ಓದಬಲ್ಲರು, ಆದರೆ ಒಂದೊಂದಾಗಿ ನಿಧಾನಿಸಿ ಓದುತ್ತಾರೆ. ಹಣದ ಪತ್ರದಲ್ಲಿ ಓದುಗ ಹಾಗೆ ತಡವರಿಸಬಾರದು.

ಕನ್ನಡ ಅಂಕಿ ತಿಳಿಯದವರ ವಿಷಯ ಇನ್ನೂ ಸೂಕ್ಷ್ಮ. ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ಕುಳಿತವರು ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದವರಿರಬಹುದು. ಮಲಯಾಳಂ ಲಿಪಿಗೂ ತನ್ನದೇ ಅಂಕಿಗಳಿದ್ದರೂ ಅವು ದಿನಬಳಕೆಯಿಂದ ಹೊರಗೆ ಹೋಗಿ ಬಹಳ ಕಾಲವಾಗಿದೆ, ಆದ್ದರಿಂದ ಸ್ವಂತ ಲಿಪಿಯ ಅಂಕಿಯ ನೆರವಿನಿಂದ ಕನ್ನಡದ್ದನ್ನು ಊಹಿಸುವ ದಾರಿಯೂ ಅವರಿಗೆ ಇಲ್ಲ. ಅವರು ಊಹಿಸುವುದು ತಮಗೆ ಗೊತ್ತಿರುವ ಅರಬ್ಬಿ ಅಂಕಿಯ ಆಕಾರದಿಂದ. ಕನ್ನಡದ ೪ ಅವರ ಕಣ್ಣಿಗೆ ತಲೆ ತೆರೆದ 8ರಂತೆ ಕಾಣುತ್ತದೆ. ಏನೂ ಅರ್ಥವಾಗದಿದ್ದರೆ ಅವರು ನಿಮ್ಮನ್ನೇ ಕೇಳುತ್ತಿದ್ದರು. ಅರ್ಥವಾಯಿತೆಂದುಕೊಂಡು 4ರ ಬದಲು 8 ಎಂದು ಬರೆದುಕೊಂಡರೆ ಆ ತಪ್ಪು ಸದ್ದಿಲ್ಲದೆ ಮುಂದಿನ ಕಾಗದಕ್ಕೆ ದಾಟುತ್ತದೆ. ಗಡಿಯಲ್ಲಿ ಕೆಲಸ ಮಾಡುವ ನಮಗೆ ಇದು ಮುಖ್ಯ, ಏಕೆಂದರೆ ಇಲ್ಲಿ ಒಂದು ಪತ್ರ ಕನ್ನಡದ ಕೈಯಿಂದ ಹೊರಟು ಮಲಯಾಳಂ ಕೈಗಳಲ್ಲಿ ಹಾದು ಮತ್ತೆ ಕನ್ನಡದ ಕೈಗೆ ಬರುವುದೇ ಹೆಚ್ಚು.

ಮೂರನೆಯ ಓದುಗ ಯಂತ್ರ. ಯೂನಿಕೋಡ್‌ನಲ್ಲಿ ಕನ್ನಡದ ೧ ಮತ್ತು ಅರಬ್ಬಿಯ 1 ಎರಡು ಬೇರೆ ಬೇರೆ ಸಂಕೇತಗಳು. ಆರು ತಿಂಗಳ ನಂತರ ನೀವು ಇಮೇಲ್ ಪೆಟ್ಟಿಗೆಯಲ್ಲಿ 1,00,885.50 ಎಂದು ಟೈಪಿಸಿ ಹುಡುಕಿದಾಗ ೧,೦೦,೮೮೫.೫೦ ಎಂದು ಬರೆದ ಪತ್ರ ಸಿಗುತ್ತದೆಂದು ನಂಬುವಂತಿಲ್ಲ. ಅದನ್ನು ನಕಲಿಸಿ ಲೆಕ್ಕದ ಹಾಳೆಗೆ ಅಂಟಿಸಿದರೆ ಬರಹವಾಗಿ ಕುಳಿತುಬಿಡಬಹುದು, ಕೂಡಿಕೆಗೆ ಸೇರದೆ ಉಳಿಯಬಹುದು. ಇನ್ನೊಂದು ಅಪಾಯ ಟೈಪಿಸುವವರ ಕೈಯಲ್ಲಿದೆ: ಅವಸರದಲ್ಲಿ ಸೊನ್ನೆಯ ಬದಲು ಅನುಸ್ವಾರದ ಕೀಲಿ ಒತ್ತಿದರೆ ಪರದೆಯ ಮೇಲೆ ಹೆಚ್ಚುಕಡಿಮೆ ಅದೇ ಆಕಾರ ಮೂಡುತ್ತದೆ, ಕಣ್ಣಿಗೆ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗೆ ಅದು ಸಂಖ್ಯೆಯೇ ಅಲ್ಲ. ಅರಬ್ಬಿ ಅಂಕಿಯಲ್ಲಿ ಈ ತೊಂದರೆಗೆ ಎಡೆಯಿಲ್ಲ.

ಇದೇ ಕಾರಣದಿಂದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆ ಇವುಗಳಲ್ಲಿ ಕನ್ನಡ ಅಂಕಿ ಸುತರಾಂ ಬೇಡ. ಐಎಫ್‌ಎಸ್‌ಸಿಯ ಹನ್ನೊಂದು ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಕನ್ನಡದ ೦ ಕೂತರೆ ಆ ಸಂಕೇತ ಎಲ್ಲೂ ನಡೆಯುವುದಿಲ್ಲ. ಯುಟಿಆರ್ ಸಂಖ್ಯೆಯನ್ನು ಕೈಯಿಂದ ಟೈಪಿಸಲೇಬೇಡಿ, ಬ್ಯಾಂಕಿನ ಪರದೆಯಿಂದ ನಕಲಿಸಿ ಅಂಟಿಸಿ, ಬಳಿಕ ಉದ್ದ ಎಣಿಸಿ: ನೆಫ್ಟ್ ಆದರೆ 16 ಅಕ್ಷರ, ಆರ್‌ಟಿಜಿಎಸ್ ಆದರೆ 22.

ನಿಮ್ಮ ಯಜಮಾನರ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಈ ನೆಲದಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಬೀಳುವ ಜಾಗಗಳು ಒಂದೊಂದಾಗಿ ಕಡಿಮೆಯಾಗಿದ್ದನ್ನು ಕಂಡವರಿಗೆ ಅಂಕಿಯ ಮೇಲೂ ಅಭಿಮಾನ ಇರುವುದು ಸಹಜ. ಕಾನೂನಿನ ಅಡ್ಡಿಯೂ ಇಲ್ಲಿಲ್ಲ. ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಬಳಸಬೇಕೆಂದು ಸಂವಿಧಾನದ 343ನೇ ವಿಧಿ ಹೇಳುವುದು ಕೇಂದ್ರ ಸರ್ಕಾರದ ಅಧಿಕೃತ ಕೆಲಸಗಳಿಗೆ. ಒಂದು ಖರೀದಿ ಕೇಂದ್ರ ತನ್ನ ಕೃಷಿಕರಿಗೆ ಬರೆಯುವ ಪತ್ರಕ್ಕೆ ಅದು ತಾಗುವುದಿಲ್ಲ. ಆದ್ದರಿಂದ ಪತ್ರದ ಶಿರೋನಾಮೆಯಲ್ಲಿ, ಪತ್ರದ ಕ್ರಮಸಂಖ್ಯೆಯಲ್ಲಿ, ಷರತ್ತುಗಳ ಮುಂದಿನ ೧, ೨, ೩ ಎಂಬ ಎಣಿಕೆಯಲ್ಲಿ, ಹಬ್ಬದ ಶುಭಾಶಯದ ಸಾಲಿನಲ್ಲಿ ಕನ್ನಡ ಅಂಕಿ ಸುಖವಾಗಿ ಇರಲಿ. ಮೊತ್ತದಲ್ಲೂ ಬೇಕೇಬೇಕೆಂದು ಅವರು ಹೇಳಿದರೆ ಪತ್ರದ ವಾಕ್ಯದೊಳಗೆ ಕನ್ನಡ ಅಂಕಿ ಇಟ್ಟು, ಕೆಳಗಿನ ಮೊತ್ತದ ಸಾಲಿನಲ್ಲಿ ಅರಬ್ಬಿ ಅಂಕಿಯನ್ನು ತಪ್ಪದೆ ಇಡಿ. ಒಂದೇ ಸಂಖ್ಯೆಯೊಳಗೆ ಎರಡನ್ನೂ ಬೆರೆಸುವುದು ಮಾತ್ರ ಬೇಡ, ೧,00,885.50 ಎಂಬ ಬರಹ ಕೀಲಿಮಣೆಯ ಭಾಷೆ ಅರ್ಧಕ್ಕೆ ಬದಲಾದಾಗ ತಾನಾಗಿ ಹುಟ್ಟುತ್ತದೆ, ಯಾರೂ ಗಮನಿಸದೆ ಹೊರಟೂ ಹೋಗುತ್ತದೆ.

ಇನ್ನು ಅಲ್ಪವಿರಾಮ. ಲೆಕ್ಕದ ತಂತ್ರಾಂಶ ಅಮೆರಿಕದ ಕ್ರಮದಲ್ಲಿದ್ದರೆ ಈ ಮೊತ್ತ 100,885.50 ಎಂದು ಬರುತ್ತದೆ. ಬೆಲೆ ಅದೇ, ಆದರೆ ನಮ್ಮವರ ಕಣ್ಣು ಬಲದಿಂದ ಮೂರು, ಆಮೇಲೆ ಎರಡೆರಡು ಎಂದು ಎಣಿಸುತ್ತದೆ. ‘100’ ಎಂಬುದನ್ನು ಕಂಡಾಗ ಅದು ನೂರು ಏನು ಎಂದು ಕ್ಷಣ ನಿಲ್ಲುತ್ತದೆ. 1,00,885.50 ಎಂದಿದ್ದರೆ ಮೊದಲ ಅಲ್ಪವಿರಾಮದ ಎಡಗಡೆಯೇ ಲಕ್ಷ ಎಂದು ನೋಡಿದೊಡನೆ ತಿಳಿಯುತ್ತದೆ. ಪೈಸೆಗೆ ಎರಡು ಸ್ಥಾನಗಳನ್ನು ತುಂಬಲೇಬೇಕು: .5 ಎಂದು ಬಿಟ್ಟರೆ ಅದು ಐದು ಪೈಸೆಯೋ ಐವತ್ತು ಪೈಸೆಯೋ ಎಂದು ಕೇಳುವವರು ಇದ್ದಾರೆ, ಅವರು ಕೇಳುವುದು ನ್ಯಾಯವೇ. ಪೈಸೆಯ ಮಾತು ಈಗ ಯಾಕೆಂದು ನೀವು ಕೇಳಬಹುದು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲವಾದರೂ ಖಾತೆಯಿಂದ ಖಾತೆಗೆ ಹೋಗುವ ಹಣದಲ್ಲಿ ಪೈಸೆ ಈಗಲೂ ಇದೆ, ಮತ್ತು ಪಾಸ್‌ಬುಕ್ಕಿನ ಸಾಲಿನೊಂದಿಗೆ ನಿಮ್ಮ ಪತ್ರ ಪೈಸೆಯವರೆಗೂ ಕೂಡಬೇಕು. ಪೈಸೆ ಬರೆದ ಕಡೆ ಹಳೆಯ ರೂಢಿಯ ‘/-’ ಗುರುತು ಬೇಡ, ಅದು ಪೈಸೆ ಇಲ್ಲವೆಂದು ಹೇಳುವ ಗುರುತು.

ಅಕ್ಷರದ ಸಾಲಿಗೆ ಬರೋಣ, ನನ್ನ ಮಟ್ಟಿಗೆ ಪತ್ರದ ಜೀವ ಇರುವುದು ಅಲ್ಲಿಯೇ. ನಮ್ಮ ಉದಾಹರಣೆಯ ಮೊತ್ತವನ್ನು ಹೀಗೆ ಬರೆಯಬೇಕು: ‘ಒಂದು ಲಕ್ಷದ ಎಂಟುನೂರ ಎಂಬತ್ತೈದು ರೂಪಾಯಿ ಐವತ್ತು ಪೈಸೆ ಮಾತ್ರ’. ಇದರಲ್ಲಿ ಪ್ರತಿಯೊಂದು ಪದಕ್ಕೂ ಕೆಲಸವಿದೆ. ‘ರೂಪಾಯಿ’ ಎಂಬ ಪದ ಯಾವ ನಾಣ್ಯವೆಂದು ಹೇಳುತ್ತದೆ. ₹ ಚಿಹ್ನೆ 2010ರಲ್ಲಿ ಬಂದದ್ದು, ಹಳೆಯ ಫಾಂಟುಗಳಿರುವ ಸಾಧನಗಳಲ್ಲಿ ಅದು ಬರಿಯ ಚೌಕವಾಗಿ ಕಾಣಬಹುದು, ಮತ್ತು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಂದೆಯ ಇಮೇಲನ್ನು ಗಲ್ಫಿನಲ್ಲಿ ಕುಳಿತು ಓದಿ ಹೇಳುವವರು ಮಕ್ಕಳು. ‘ಮಾತ್ರ’ ಎಂಬುದು ಮೊತ್ತ ಇಲ್ಲಿಗೆ ಮುಗಿಯಿತೆಂಬ ಬೇಲಿ. ಪರದೆಯ ಮೇಲೆ ಅದು ಅಷ್ಟು ಅಗತ್ಯವಲ್ಲದಿದ್ದರೂ ಈ ಪತ್ರವನ್ನು ಮುದ್ರಿಸಿ ಸಾಲದ ಅರ್ಜಿಯೊಂದಿಗೆ ಲಗತ್ತಿಸುವವರು ಇದ್ದಾರೆ, ಕಾಗದಕ್ಕೆ ಬಂದಮೇಲೆ ಬೇಲಿ ಬೇಕು.

ಲಕ್ಷ, ಸಾವಿರ, ನೂರು ಇವುಗಳ ಮುಂದೆ ಇನ್ನೂ ಮೊತ್ತ ಉಳಿದಿದ್ದರೆ ಅವು ‘ಲಕ್ಷದ’, ‘ಸಾವಿರದ’, ‘ನೂರ’ ಎಂದಾಗುತ್ತವೆ. ಮುಗಿದಿದ್ದರೆ ‘ಲಕ್ಷ’, ‘ಸಾವಿರ’, ‘ನೂರು’ ಎಂದೇ ಉಳಿಯುತ್ತವೆ. ಮಾತಿನಲ್ಲಿ ನಾವು ‘ಇಪ್ಪತ್ತು ಸಾವಿರ ಮುನ್ನೂರು’ ಎಂದು ಬಿಡಿಸಿ ಹೇಳುವುದುಂಟು, ಆದರೆ ಬರಹದಲ್ಲಿ ‘ಇಪ್ಪತ್ತು ಸಾವಿರದ ಮುನ್ನೂರು’ ಎಂದೇ ಇರಲಿ, ಇಲ್ಲವಾದರೆ ಸಾಲು ಮುರಿದು ಎರಡಾದಾಗ ಎರಡು ಬೇರೆ ಮೊತ್ತಗಳಂತೆ ಕಾಣುತ್ತದೆ. ‘ದ’ ಅಕ್ಷರ ಓದುಗನಿಗೆ ಮುಂದೆ ಇನ್ನೂ ಇದೆ ಎಂದು ಹೇಳುತ್ತದೆ. ಮಾತಿನ ಒಂದೂವರೆ ಲಕ್ಷ, ಎರಡೂಕಾಲು ಸಾವಿರ ಇವು ಪಾವತಿಯ ಪತ್ರಕ್ಕೆ ಸಲ್ಲವು.

ಮೊತ್ತ ಸಾವಿರದಿಂದ ಆರಂಭವಾದರೆ ‘ಸಾವಿರದ ಐನೂರು’ ಎಂದು ಬಿಡದೆ ‘ಒಂದು ಸಾವಿರದ ಐನೂರು’ ಎಂದು ಬರೆಯಿರಿ. ಮುದ್ರಿತ ಪ್ರತಿಯಲ್ಲಿ ‘ಸಾವಿರದ’ ಎಂಬುದರ ಹಿಂದೆ ಒಂದು ‘ಹತ್ತು’ ಸೇರಿಸಲು ಜಾಗ ಸಿಗಬಾರದು ಎಂಬುದು ಚೆಕ್ ಬರೆಯುವವರ ಹಳೆಯ ಎಚ್ಚರ. ನಮ್ಮ ಕೆಲಸದಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ, ಅದನ್ನು ಹಾಳೆಯ ಸೂತ್ರದ ವಿಷಯ ಬಂದಾಗ ಹೇಳುತ್ತೇನೆ.

ಕನ್ನಡದ ಕೆಲವು ಸಂಖ್ಯಾಪದಗಳು ಕಣ್ಣಿಗೆ ತೀರ ಹತ್ತಿರ. ಇಪ್ಪತ್ತು ಮತ್ತು ಎಪ್ಪತ್ತು ನಡುವೆ ಮೊದಲ ಅಕ್ಷರದ್ದಷ್ಟೇ ವ್ಯತ್ಯಾಸ, ಮೊತ್ತದಲ್ಲಿ ಐವತ್ತು ಸಾವಿರದ ವ್ಯತ್ಯಾಸವಾಗಬಹುದು. ಒಂಬತ್ತು ಮತ್ತು ತೊಂಬತ್ತು, ತೊಂಬತ್ತು ಮತ್ತು ಹತ್ತೊಂಬತ್ತು, ಐನೂರು ಮತ್ತು ಒಂಬೈನೂರು ಇವೂ ಹಾಗೆಯೇ. ಆದ್ದರಿಂದಲೇ ಅಕ್ಷರ ಮಾತ್ರ ಸಾಕು ಎಂದೂ ನಾನು ಹೇಳುವುದಿಲ್ಲ. ಅಂಕಿಯಲ್ಲಿ ಆಗುವ ತಪ್ಪಿನ ಜಾತಿ ಬೇರೆ, ಅಕ್ಷರದಲ್ಲಿ ಆಗುವ ತಪ್ಪಿನ ಜಾತಿ ಬೇರೆ. 20,050 ಬರೆಯುವಲ್ಲಿ 20,500 ಎಂದು ಸೊನ್ನೆ ಜಾರುವುದು ಅಂಕಿಯ ತಪ್ಪು. ಅಕ್ಷರದಲ್ಲಿ ಐವತ್ತು, ಐನೂರು ಎಂಬ ಪದಗಳು ಬೇರೆ ಬೇರೆಯಾಗಿರುವುದರಿಂದ ಆ ತಪ್ಪು ಅಲ್ಲಿ ಅಷ್ಟು ಸುಲಭವಾಗಿ ಆಗುವುದಿಲ್ಲ. ಇಪ್ಪತ್ತು–ಎಪ್ಪತ್ತರ ತಪ್ಪನ್ನು ಅಂಕಿಯ 2 ಮತ್ತು 7 ಹಿಡಿದುಕೊಡುತ್ತವೆ. ಎರಡು ಸಾಲುಗಳನ್ನು ಒಂದರ ಕೆಳಗೆ ಒಂದು ಇಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಹಾಗೆಂದು ನಲವತ್ತು–ನಲ್ವತ್ತು, ಎಂಟುನೂರು–ಎಂಟ್ನೂರು ಎಂಬಂಥ ರೂಪಭೇದಗಳ ಬಗ್ಗೆ ವಾದಕ್ಕೆ ಇಳಿಯಬೇಡಿ. ಒಂದು ರೂಪವನ್ನು ಗೊತ್ತುಮಾಡಿಕೊಂಡು ಎಲ್ಲ ಪತ್ರಗಳಲ್ಲೂ ಅದನ್ನೇ ಬಳಸಿದರೆ ಸಾಕು.

ಈಗ ಕೆಲಸ ಮಾಡುವ ಬಗೆ. ನಿಮ್ಮ ಕೇಂದ್ರದಲ್ಲಿ ಬಹುಶಃ ಎಕ್ಸೆಲ್ ಹಾಳೆಯಿಂದ ವರ್ಡ್‌ನ ಮೇಲ್ ಮರ್ಜ್ ಮೂಲಕ ಪತ್ರಗಳು ಹೋಗುತ್ತವೆ ಎಂದುಕೊಳ್ಳುತ್ತೇನೆ. ಇಲ್ಲಿ ಎಲ್ಲರನ್ನೂ ಕಾಡುವ ಒಂದು ತೊಡಕಿದೆ: ಹಾಳೆಯ ಕೋಶದಲ್ಲಿ 1,00,885.50 ಎಂದು ಅಂದವಾಗಿ ಕಾಣುವ ಮೊತ್ತ ಪತ್ರಕ್ಕೆ ಬಂದಾಗ 100885.5 ಎಂದಾಗಿಬಿಡುತ್ತದೆ. ಮರ್ಜ್ ತೆಗೆದುಕೊಳ್ಳುವುದು ಕೋಶದ ಒಳಗಿನ ಬೆಲೆಯನ್ನು, ಮೇಲಿನ ಅಲಂಕಾರವನ್ನಲ್ಲ. ಪರಿಹಾರವೆಂದರೆ ಪಕ್ಕದಲ್ಲಿ ಇನ್ನೊಂದು ಕಂಬ ತೆರೆದು ಮೊತ್ತವನ್ನು ಅಲ್ಲಿಯೇ ಬರಹವಾಗಿ ಪರಿವರ್ತಿಸುವುದು, ಪತ್ರಕ್ಕೆ ಆ ಕಂಬವನ್ನು ಜೋಡಿಸುವುದು. ಮೊತ್ತ F2 ಕೋಶದಲ್ಲಿದ್ದರೆ ಸೂತ್ರ ಇದು:

```
=TEXT(F2,"[>=10000000]##\,##\,##\,##0.00;[>=100000]##\,##\,##0.00;##,##0.00")
```

ಕೋಟಿ, ಲಕ್ಷ ಮತ್ತು ಅದಕ್ಕಿಂತ ಕಡಿಮೆ ಎಂಬ ಮೂರು ಸಂದರ್ಭಗಳಿಗೆ ಇದು ಬೇರೆ ಬೇರೆ ಅಲ್ಪವಿರಾಮ ಹಾಕುತ್ತದೆ. ಸೊನ್ನೆಗಿಂತ ಕಡಿಮೆಯ ಋಣ ಮೊತ್ತಗಳಿಗೆ ಇದು ಹೊಂದುವುದಿಲ್ಲ. ಲಕ್ಷ ದಾಟಿದ ಋಣ ಮೊತ್ತ ಮೂರನೆಯ ಭಾಗಕ್ಕೆ ಬಿದ್ದು ಮತ್ತೆ ಅಮೆರಿಕದ ಕ್ರಮಕ್ಕೆ ಹೋಗುತ್ತದೆ. ಪಾವತಿಯ ಪತ್ರದಲ್ಲಿ ಋಣ ಮೊತ್ತ ಬರಬಾರದಾದ್ದರಿಂದ ಅಷ್ಟರ ಮಟ್ಟಿಗೆ ತೊಂದರೆಯಿಲ್ಲ.

ಸಂಖ್ಯೆಯನ್ನು ಕನ್ನಡ ಅಕ್ಷರಕ್ಕೆ ತಿರುಗಿಸುವ ಸಿದ್ಧ ಸೂತ್ರ ಎಕ್ಸೆಲ್‌ನಲ್ಲಿ ಇಲ್ಲ. ಇಂಗ್ಲಿಷಿಗಾಗಿ ಹಂಚಿಕೆಯಲ್ಲಿರುವ ಮ್ಯಾಕ್ರೋವನ್ನು ತಂದು ಪದಗಳನ್ನಷ್ಟೇ ಕನ್ನಡಕ್ಕೆ ಬದಲಿಸಿದರೆ ಒಂದು ಲಕ್ಷದ ಜಾಗದಲ್ಲಿ ‘ನೂರು ಸಾವಿರ’ ಬರುತ್ತದೆ, ಏಕೆಂದರೆ ಅದರ ಒಳಗಿನ ಎಣಿಕೆ ಮೂರು ಮೂರು ಸ್ಥಾನಗಳದ್ದು. ಅದರ ಬದಲು ಬೇರೆ ಹಾಳೆಯಲ್ಲಿ ಒಂದರಿಂದ ತೊಂಬತ್ತೊಂಬತ್ತರವರೆಗಿನ ಪದಗಳನ್ನೂ ನೂರರಿಂದ ಒಂಬೈನೂರರವರೆಗಿನ ಒಂಬತ್ತು ಪದಗಳನ್ನೂ ಒಮ್ಮೆ ಟೈಪಿಸಿ, ಇಬ್ಬರು ಕೂತು ಓದಿ ಸರಿನೋಡಿ ಇಟ್ಟುಕೊಳ್ಳಿ. ನೂರುಗಳನ್ನು ಬೇರೆ ಟೈಪಿಸಬೇಕಾದ ಕಾರಣ ನಿಮಗೆ ಗೊತ್ತೇ ಇದೆ: ಇನ್ನೂರು, ಮುನ್ನೂರು, ನಾನೂರು, ಒಂಬೈನೂರು ಇವು ಎರಡು, ಮೂರು, ನಾಲ್ಕು, ಒಂಬತ್ತರ ಮುಂದೆ ‘ನೂರು’ ಅಂಟಿಸಿದರೆ ಸಿಗುವ ಪದಗಳಲ್ಲ. ಬಳಿಕ ಮೊತ್ತವನ್ನು ಕೋಟಿ, ಲಕ್ಷ, ಸಾವಿರ, ನೂರು, ಉಳಿಕೆ ಎಂದು ಭಾಗಿಸಿ ಈ ಪಟ್ಟಿಯಿಂದ ಪದಗಳನ್ನು ಜೋಡಿಸುವ ಸೂತ್ರವನ್ನು ಎಕ್ಸೆಲ್ ಬಲ್ಲ ಯಾರಾದರೂ ಬರೆದುಕೊಡುತ್ತಾರೆ.

ಬರೆದುಕೊಟ್ಟ ಸೂತ್ರವನ್ನು ಪರೀಕ್ಷಿಸುವುದು ನಿಮ್ಮ ಕೆಲಸ, ಮತ್ತು ಅದನ್ನು ನಮ್ಮ 1,00,885.50ರಿಂದಲೇ ಆರಂಭಿಸಿ. ಇಲ್ಲಿ ಸಾವಿರದ ಭಾಗ ಸೊನ್ನೆ. ಸೂತ್ರ ಬರೆದವರು ಸೊನ್ನೆಗೆ ಪದವನ್ನು ಖಾಲಿ ಬಿಟ್ಟು ‘ಸಾವಿರದ’ ಎಂಬುದನ್ನು ತೆಗೆಯಲು ಮರೆತಿದ್ದರೆ ಪತ್ರದಲ್ಲಿ ‘ಒಂದು ಲಕ್ಷದ ಸಾವಿರದ ಎಂಟುನೂರ ಎಂಬತ್ತೈದು’ ಎಂದು ಬರುತ್ತದೆ. ಓದುವವರು ಅದನ್ನು ಒಂದು ಲಕ್ಷದ ಒಂದು ಸಾವಿರದ ಎಂಟುನೂರ ಎಂಬತ್ತೈದು ಎಂದೇ ತಿಳಿಯುತ್ತಾರೆ, ಏಕೆಂದರೆ ಬರಿಯ ‘ಸಾವಿರ’ ಎಂದರೆ ನಮ್ಮ ಮಾತಿನಲ್ಲಿ ಒಂದು ಸಾವಿರವೇ. ಒಂದು ಸಾವಿರ ರೂಪಾಯಿ ಹೆಚ್ಚು ಬರೆದಂತಾಯಿತು. ‘ಒಂದು ಸಾವಿರದ’ ಎಂದೇ ಬರೆಯುವ ನಿಯಮ ಇಟ್ಟುಕೊಂಡಿದ್ದರೆ, ಹಿಂದೆ ಸಂಖ್ಯೆಯಿಲ್ಲದ ‘ಸಾವಿರದ’ ಕಂಡೊಡನೆ ಅದು ಸೂತ್ರದ ದೋಷವೆಂದು ನಿಮಗೆ ತಿಳಿಯುತ್ತದೆ. ಮೇಲೆ ಹೇಳಿದ ಇನ್ನೊಂದು ಕಾರಣ ಇದು. ಆಮೇಲೆ 1,00,000 ಹಾಕಿ ನೋಡಿ, ‘ಒಂದು ಲಕ್ಷ ರೂಪಾಯಿ’ ಎಂದು ಬರಬೇಕು, ‘ಲಕ್ಷದ’ ಎಂದಲ್ಲ. 20,050 ಹಾಕಿ ನೂರರ ಭಾಗ ಸೊನ್ನೆಯಾದಾಗ ಏನಾಗುತ್ತದೆ ನೋಡಿ.

ಕೊನೆಗೆ 1,999.05 ಹಾಕಿ. ಇದರಲ್ಲಿ ಸಿಕ್ಕಿಬೀಳುವ ತಪ್ಪು ವಿಚಿತ್ರವಾದುದು. ಪೈಸೆಯನ್ನು ಬೇರ್ಪಡಿಸಲು ಎಲ್ಲರೂ ಮೊದಲು ಬರೆಯುವುದು ಪೂರ್ಣಾಂಕವನ್ನು ಕಳೆದು ನೂರರಿಂದ ಗುಣಿಸಿ INT ಹಾಕುವ ಸೂತ್ರ. ಕಂಪ್ಯೂಟರು ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 1,999.05 ಅದರೊಳಗೆ ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಕಳೆದು ಗುಣಿಸಿದಾಗ 5ರ ಬದಲು 4.99999... ಸಿಗುತ್ತದೆ, INT ಅದನ್ನು 4ಕ್ಕೆ ಇಳಿಸುತ್ತದೆ. ಅಂಕಿಯಲ್ಲಿ ಐದು ಪೈಸೆ, ಅಕ್ಷರದಲ್ಲಿ ನಾಲ್ಕು ಪೈಸೆ ಎಂದಾಗುತ್ತದೆ. INT ಬದಲು ROUND ಬಳಸಿ:

```
=ROUND((F2-INT(F2))*100,0)
```

ಇದಕ್ಕೂ ಮೊದಲು F2 ಮೊತ್ತವೇ ಎರಡು ಸ್ಥಾನಗಳಿಗೆ ಸರಿಹೊಂದಿಸಿದ್ದಾಗಿರಲಿ. ತೂಕಕ್ಕೆ ದರವನ್ನು ಗುಣಿಸಿದಾಗ ಮೂರನೆಯ ಸ್ಥಾನ ಹುಟ್ಟುವುದುಂಟು.

ಪತ್ರ ಹೊರಡುವಾಗ ಹೀಗಿರಲಿ. ವಿಷಯದ ಸಾಲು: ‘ರೂ. 1,00,885.50 ನಿಮ್ಮ ಖಾತೆಗೆ ಜಮೆ’. ಮೊಬೈಲಿನ ಸೂಚನೆಯಲ್ಲಿ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಮೊತ್ತ ಮುಂದೆಯೇ ಇರಬೇಕು. ಒಳಗೆ: ‘ಮಾನ್ಯರೇ, ತಾವು ನಮ್ಮ ಕೇಂದ್ರಕ್ಕೆ ನೀಡಿದ 286.5 ಕಿಲೋ ಚಾಲಿ ಅಡಿಕೆಯ ಬಾಬ್ತು, ಮುಂಗಡ ಮತ್ತು ಸಾಗಾಟ ವೆಚ್ಚ ಕಳೆದು ಉಳಿದ ಮೊತ್ತವನ್ನು ತಮ್ಮ ಬ್ಯಾಂಕ್ ಖಾತೆಗೆ ಜಮೆ ಮಾಡಲಾಗಿದೆ. ಮೊತ್ತ: ₹1,00,885.50. ಅಕ್ಷರಗಳಲ್ಲಿ: ಒಂದು ಲಕ್ಷದ ಎಂಟುನೂರ ಎಂಬತ್ತೈದು ರೂಪಾಯಿ ಐವತ್ತು ಪೈಸೆ ಮಾತ್ರ.’ ಇದರ ಕೆಳಗೆ ತಾರೀಕು, ಖಾತೆಯ ಕೊನೆಯ ನಾಲ್ಕು ಅಂಕಿ, ಯುಟಿಆರ್ ಸಂಖ್ಯೆ. ತಾರೀಕಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದರೆ ದಿನ ಯಾವುದು ತಿಂಗಳು ಯಾವುದು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ₹ ಚಿಹ್ನೆ ಮತ್ತು ಮೊದಲ ಅಂಕಿಯ ನಡುವೆ ತೆರಪು ಬಿಡಬೇಡಿ, ಬಿಟ್ಟರೆ ಚಿಹ್ನೆ ಒಂದು ಸಾಲಿನ ಕೊನೆಯಲ್ಲೂ ಮೊತ್ತ ಮುಂದಿನ ಸಾಲಿನಲ್ಲೂ ಬೀಳಬಹುದು. ಆಡಿಟರ್ ಕೇಳಿದರೆ ಇಂಗ್ಲಿಷ್ ಅಕ್ಷರದ ಸಾಲೊಂದನ್ನು ಕನ್ನಡದ ಸಾಲಿನ ಕೆಳಗೆ ಸೇರಿಸಿ. ಅದೂ ಅದೇ F2 ಕೋಶದಿಂದಲೇ ಹುಟ್ಟಬೇಕು, ಕೈಯಿಂದ ಟೈಪಿಸಿದ್ದಾಗಬಾರದು.

ಇನ್ನು ಎರಡೂ ತಾಳೆಯಾಗದ ಸಂದರ್ಭ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರವೇ ಗೆಲ್ಲುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಮೂಲ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು, ಮತ್ತು ಅದು ಅನ್ವಯಿಸುವುದು ಚೆಕ್, ಹುಂಡಿ, ಪ್ರಾಮಿಸರಿ ನೋಟುಗಳಿಗೆ. ಚೆಕ್ಕು ಹಣ ಕೊಡಬೇಕೆಂಬ ಆದೇಶ. ಎಷ್ಟು ಕೊಡಬೇಕೆಂಬುದನ್ನು ಆ ಕಾಗದವೇ ನಿರ್ಧರಿಸಬೇಕಾದ್ದರಿಂದ ಕಾನೂನು ಒಂದನ್ನು ಮೇಲೆ ಎಂದು ಹೇಳಬೇಕಾಯಿತು. ನಿಮ್ಮ ಇಮೇಲ್ ಹಣ ಹೋದ ಮೇಲೆ ಬರೆದ ತಿಳಿವಳಿಕೆ. ಅಲ್ಲಿ ಅಂಕಿಯೂ ಗೆಲ್ಲುವುದಿಲ್ಲ, ಅಕ್ಷರವೂ ಗೆಲ್ಲುವುದಿಲ್ಲ. ಖಾತೆಗೆ ಬಿದ್ದ ಮೊತ್ತವೇ ಮೊತ್ತ. ಆದರೂ ಹೆಚ್ಚಿನ ಮೊತ್ತ ಬರೆದ ಪತ್ರ ಕೃಷಿಕರ ಕೈಯಲ್ಲಿದ್ದರೆ ಬಾಕಿ ಇದೆಯೆಂದು ನೀವೇ ಒಪ್ಪಿದಂತೆ ಅವರು ವಾದಿಸಬಹುದು, ಅವರ ಮಾತಿಗೆ ಆಧಾರವೂ ಇದ್ದಂತಾಗುತ್ತದೆ. (ಚೆಕ್ಕನ್ನೇ ಕನ್ನಡದಲ್ಲಿ ಬರೆಯುವ ಆಸೆ ನಿಮ್ಮ ಯಜಮಾನರಿಗೆ ಇದ್ದರೆ, ಗ್ರಾಹಕರು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರಾದೇಶಿಕ ಭಾಷೆಯಲ್ಲಿ ಚೆಕ್ ಬರೆಯಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಕಾಸರಗೋಡಿನ ಶಾಖೆ ಯಾವ ಭಾಷೆಯನ್ನು ಪ್ರಾದೇಶಿಕವೆಂದು ಎಣಿಸುತ್ತದೆ ಎಂಬುದನ್ನು ಮೊದಲು ಅಲ್ಲಿಯೇ ಕೇಳಿಕೊಳ್ಳಿ.)

ತಪ್ಪು ಹೋಗಿದ್ದರೆ ಸರಿಯಾದ ಪತ್ರವನ್ನು ಹಳೆಯದರಂತೆಯೇ ಇನ್ನೊಮ್ಮೆ ಕಳುಹಿಸಿ ಸುಮ್ಮನಾಗಬೇಡಿ. ಕೃಷಿಕರ ಪೆಟ್ಟಿಗೆಯಲ್ಲಿ ಎರಡು ಮೊತ್ತಗಳ ಎರಡು ಪತ್ರಗಳು ಕೂತಿರುತ್ತವೆ, ಎರಡು ಪಾವತಿಗಳಾದವೆಂದು ಅವರು ತಿಳಿದರೆ ಅದು ಅವರ ತಪ್ಪಲ್ಲ. ಹಳೆಯ ಪತ್ರಕ್ಕೇ ಉತ್ತರವಾಗಿ ಬರೆಯಿರಿ, ವಿಷಯದ ಸಾಲಿನಲ್ಲಿ ‘ತಿದ್ದುಪಡಿ’ ಎಂಬ ಪದ ಮೊದಲು ಬರಲಿ, ತಪ್ಪಾಗಿ ಬರೆದ ಮೊತ್ತವನ್ನೂ ಸರಿಯಾದ ಮೊತ್ತವನ್ನೂ ಅಂಕಿ ಮತ್ತು ಅಕ್ಷರ ಎರಡರಲ್ಲೂ ಹೇಳಿ, ಯುಟಿಆರ್ ಸಂಖ್ಯೆ ಅದೇ ಎಂದು ಸ್ಪಷ್ಟಪಡಿಸಿ. ಒಂದೇ ಯುಟಿಆರ್ ಎಂದರೆ ಒಂದೇ ಪಾವತಿ ಎಂಬುದನ್ನು ಬ್ಯಾಂಕಿನವರೂ ಆಡಿಟರೂ ಯಾವ ಭಾಷೆಯವರಾದರೂ ನೋಡಿದೊಡನೆ ಒಪ್ಪುತ್ತಾರೆ. ಹಾಳೆಯಲ್ಲಿ ಆ ಸಾಲಿನ ಎದುರು ತಿದ್ದುಪಡಿ ಕಳುಹಿಸಿದ ತಾರೀಕನ್ನು ಬರೆದಿಟ್ಟುಕೊಳ್ಳಿ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ಆಡಿಟರ್ ಕೇಳುವ ಮೊದಲ ಪತ್ರ ಅದೇ ಆಗಿರುತ್ತದೆ.